ಅಜ್ಜಿಯ ಮುದ್ದು, ಅಮ್ಮನ ನಿಯಮ

‘ಅಮ್ಮನಿಗೆ ಹೇಳಬೇಡ ಪುಟ್ಟಾ, ಇದು ನಮ್ಮಿಬ್ಬರ ಗುಟ್ಟು’ ಎನ್ನುತ್ತ ಸೆರಗಿನ ಮರೆಯಲ್ಲಿ ಚಾಕೊಲೇಟು ಕೊಡುವ ಅಜ್ಜಿ ಇಲ್ಲದ ಮನೆ ಕಡಿಮೆ. ‘ಅಸಲಿಗಿಂತ ಬಡ್ಡಿ ಮೇಲೇ ಪ್ರೀತಿ’ ಎಂದು ನಾವೇ ನಕ್ಕು ಸುಮ್ಮನಾಗುತ್ತೇವೆ. ಆದರೆ ಅದೇ ರಾತ್ರಿ ಮಗು ಊಟದ ತಟ್ಟೆ ತಳ್ಳಿದಾಗ, ‘ಅಜ್ಜಿ ಮೊಬೈಲ್ ಕೊಡ್ತಾರೆ, ನೀನು ಕೆಟ್ಟೋಳು’ ಎಂದು ತಾಯಿಯ ಮುಖಕ್ಕೇ ಹೇಳಿದಾಗ ನಗು ಬರುವುದಿಲ್ಲ. ಆಗ ಸೊಸೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾಳೆ, ಅತ್ತೆ ರೂಮಿಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಾರೆ, ಮಗ ಟಿ.ವಿ. ನೋಡುತ್ತಿರುವವನಂತೆ ಕೂರುತ್ತಾನೆ. ಮಾತಾಡಬೇಕಾದದ್ದು ಹಾಗೇ ಉಳಿಯುತ್ತದೆ.

ಈ ಜಟಾಪಟಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಸೇರಿದ ಸಿ.ಎಸ್. ಮಾಟ್ ಮಕ್ಕಳ ಆಸ್ಪತ್ರೆ 2020ರಲ್ಲಿ ತಂದೆ–ತಾಯಂದಿರನ್ನು ಕೇಳಿದಾಗ ನೂರಕ್ಕೆ 43 ಮಂದಿ, ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಅಜ್ಜ–ಅಜ್ಜಿಯರೊಂದಿಗೆ ಭಿನ್ನಾಭಿಪ್ರಾಯವಿದೆ ಎಂದರು. ಶಿಸ್ತು, ಊಟ–ತಿಂಡಿ, ಟಿ.ವಿ.–ಮೊಬೈಲು, ಈ ಮೂರೇ ಮುಖ್ಯ ಕಾರಣಗಳು. ನಿಮ್ಮ ರೀತಿ ಸ್ವಲ್ಪ ಬದಲಾಯಿಸಿಕೊಳ್ಳಿ ಎಂದು ಕೇಳಿಕೊಂಡಾಗ ಹಿರಿಯರಲ್ಲಿ ಅರ್ಧದಷ್ಟು ಜನ ನಿಜವಾಗಿಯೂ ಬದಲಾದರು. ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಂದಿ ‘ಆಗಲಿ’ ಎಂದು ತಮ್ಮ ಪಾಡಿಗೆ ತಾವಿದ್ದರು. ಉಳಿದವರು ಆಗುವುದಿಲ್ಲ ಎಂದೇ ಹೇಳಿದರು. ಕೇಳುವ ರೀತಿಯಲ್ಲಿ ಕೇಳಿದರೆ ಫಲ ಸಿಗುವ ಸಾಧ್ಯತೆ ಕಡಿಮೆಯೇನಲ್ಲ. ಆ ರೀತಿ ಯಾವುದು ಎಂಬುದಕ್ಕಿಂತ ಮೊದಲು, ಕೇಳಲೇಬೇಕಾದದ್ದು ಯಾವುದು ಎಂದು ನೋಡಬೇಕು.

ರಜೆಯ ಅಜ್ಜಿ, ದಿನದ ಅಜ್ಜಿ

ಬೇಸಿಗೆ ರಜೆಗೆ ಊರಿಗೆ ಹೋದ ಮೊಮ್ಮಗು ಹದಿನೈದು ದಿನ ಹೊತ್ತು ಮೀರಿ ಮಲಗುತ್ತದೆ, ಬೆಳಗ್ಗೆ ಎದ್ದೊಡನೆ ಕೋಡುಬಳೆ ತಿನ್ನುತ್ತದೆ, ತಾತನ ಹೆಗಲ ಮೇಲೆ ಊರೆಲ್ಲ ಸುತ್ತುತ್ತದೆ. ಇದರಿಂದ ಮಗು ಕೆಡುವುದಿಲ್ಲ. ಅಜ್ಜಿಮನೆಯ ಪದ್ಧತಿ ಬೇರೆ, ನಮ್ಮ ಮನೆಯ ಪದ್ಧತಿ ಬೇರೆ ಎಂಬುದು ಸಣ್ಣ ಮಕ್ಕಳಿಗೂ ಬೇಗ ತಿಳಿಯುತ್ತದೆ. ವಾಪಸು ಬಂದಮೇಲೆ ನಾಲ್ಕು ದಿನ ಹಟ ಮಾಡಿ ದಾರಿಗೆ ಬರುತ್ತವೆ. ಆ ಹದಿನೈದು ದಿನಕ್ಕಾಗಿ ಅಪ್ಪ–ಅಮ್ಮನನ್ನು ತರಾಟೆಗೆ ತೆಗೆದುಕೊಳ್ಳುವುದು ದಂಡ.

ಇಬ್ಬರೂ ಕೆಲಸಕ್ಕೆ ಹೋಗುವ ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಮನೆಗಳಲ್ಲಿ ಮಾತು ಬೇರೆ. ಅಲ್ಲಿ ಅಜ್ಜಿ ನೆಂಟರಲ್ಲ. ಬೆಳಗ್ಗೆ ಎಂಟೂವರೆಯಿಂದ ಸಂಜೆ ಏಳರವರೆಗೆ ಮಗು ಅವರ ಕೈಯಲ್ಲೇ. ಮೂರು ವರ್ಷದ ಮಗು ದಿನಕ್ಕೆ ಎಚ್ಚರವಾಗಿರುವುದೇ ಹನ್ನೊಂದು–ಹನ್ನೆರಡು ಗಂಟೆ. ಅದರಲ್ಲಿ ಹೆಚ್ಚಿನ ಪಾಲು ಅಜ್ಜಿಯ ಆಡಳಿತ. ಹಾಗಿರುವಾಗ ಅಜ್ಜಿ ನಡೆಸಿದ್ದೇ ಮಗುವಿನ ಪಾಲಿಗೆ ನಿಯಮ. ಅಮ್ಮ ರಾತ್ರಿ ಹೇಳುವುದು ಅದಕ್ಕೆ ಅಡ್ಡಿ. ಬ್ರಿಟನ್ನಿನ ಗ್ಲಾಸ್ಗೊ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ 18 ದೇಶಗಳ 56 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅಜ್ಜ–ಅಜ್ಜಿಯರು ನೋಡಿಕೊಳ್ಳುವ ಮಕ್ಕಳ ಆಹಾರ ಮತ್ತು ತೂಕದ ಮೇಲೆ ಒಟ್ಟಾರೆ ಅಷ್ಟು ಒಳ್ಳೆಯ ಪರಿಣಾಮ ಆಗುತ್ತಿಲ್ಲ ಎಂಬುದು ಅವರ ತೀರ್ಮಾನ. ಅವರೇ ಹೇಳಿದಂತೆ ಇದರಲ್ಲಿ ಕೆಟ್ಟ ಉದ್ದೇಶ ಯಾರದೂ ಇರಲಿಲ್ಲ. ತಿನಿಸಿನ ಮೂಲಕ ಪ್ರೀತಿ ತೋರಿಸುವುದೇ ಎದ್ದು ಕಂಡ ಕಾರಣ.

ಹಾಗಾಗಿ ಈ ಲೇಖನ ದಿನವಿಡೀ ನೋಡಿಕೊಳ್ಳುವ ಅಜ್ಜಿ–ತಾತಂದಿರ ಮನೆಯ ಕುರಿತು. ರಜೆಯ ಅಜ್ಜಿಯನ್ನು ಅವರ ಪಾಡಿಗೆ ಬಿಡಿ.

ಚಾಕೊಲೇಟಿಗಿಂತ ಕೆಟ್ಟದ್ದು

ಮುದ್ದಿನಿಂದ ಮಗು ಹಾಳಾಗುತ್ತದೆ ಎಂಬ ಮಾತಿದೆ. ಎತ್ತಿಕೊಳ್ಳುವುದು, ತಬ್ಬಿಕೊಳ್ಳುವುದು, ಕಥೆ ಹೇಳುವುದು, ಬೆನ್ನು ಸವರಿ ಮಲಗಿಸುವುದು ಎಷ್ಟಾದರೂ ಹೆಚ್ಚಾಗುವುದಿಲ್ಲ. ತೊಂದರೆ ಕೊಡುವ ಸಂಗತಿಗಳು ಎರಡೇ.

ಮೊದಲನೆಯದು, ಅತ್ತಾಗ ಕೊಡುವುದು. ಅಮ್ಮ ‘ಇಲ್ಲ’ ಎಂದಿದ್ದಾಳೆ, ಮಗು ಐದು ನಿಮಿಷ ಅಳುತ್ತದೆ, ಅಜ್ಜಿ ‘ಪಾಪ ಬಿಡೇ, ಮಗು ಅಳ್ತಿದೆ’ ಎಂದು ಕೊಟ್ಟುಬಿಡುತ್ತಾರೆ. ಮಗು ಅಲ್ಲಿ ಕಲಿಯುವುದು ಐದು ನಿಮಿಷ ಅತ್ತರೆ ಸಿಗುತ್ತದೆ ಎಂಬುದನ್ನು. ನಾಳೆ ಅಜ್ಜಿಯೂ ಗಟ್ಟಿಯಾಗಿ ನಿಂತರೆ ಹತ್ತು ನಿಮಿಷ ಅಳುತ್ತದೆ, ಏಕೆಂದರೆ ಹಿಂದೆ ಸಿಕ್ಕಿತ್ತಲ್ಲ. ಕೇಳಿದಾಗಲೆಲ್ಲ ಸಿಗುವುದಕ್ಕಿಂತ, ಒಮ್ಮೆ ಸಿಕ್ಕಿ ಒಮ್ಮೆ ಸಿಗದೇ ಹೋಗುವುದರಿಂದ ಹಟ ಇನ್ನೂ ಗಟ್ಟಿಯಾಗುತ್ತದೆ. ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದ ಮಧ್ಯಭಾಗದಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಒಂದೇ ಮನೆಯಲ್ಲಿ ಒಬ್ಬರು ಕೊಟ್ಟು ಇನ್ನೊಬ್ಬರು ಕೊಡದಿದ್ದರೆ ಆಗುವುದು ಇದೇ.

ಎರಡನೆಯದು ಗುಟ್ಟು. ‘ಅಮ್ಮನಿಗೆ ಹೇಳಬೇಡ’ ಎನ್ನುವಾಗ ಅಜ್ಜಿಯ ಮನಸ್ಸಿನಲ್ಲಿರುವುದು ಒಂದು ಚಾಕೊಲೇಟು ಮಾತ್ರ. ಮಗುವಿನ ತಲೆಯಲ್ಲಿ ಉಳಿಯುವುದು, ದೊಡ್ಡವರು ಹೇಳಬೇಡ ಎಂದರೆ ಅಮ್ಮನಿಂದ ಬಚ್ಚಿಡಬೇಕು ಎಂಬ ಪಾಠ. ಮಕ್ಕಳಿಗೆ ಕಿರುಕುಳ ಕೊಡುವವರು ಮೊದಲು ಹೇಳಿಕೊಡುವ ಮಾತೂ ಇದೇ. ಅದಕ್ಕೇ ಮಕ್ಕಳ ಸುರಕ್ಷತೆಯ ಬಗ್ಗೆ ಕಲಿಸುವವರು, ಅಪ್ಪ–ಅಮ್ಮನಿಂದ ಮುಚ್ಚಿಡಬೇಕಾದ ಗುಟ್ಟು ಯಾವುದೂ ಇಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಕೊಡಿ ಎನ್ನುತ್ತಾರೆ. ಈ ವಿಷಯವನ್ನು ಬಿಡಿಸಿ ಹೇಳಿದರೆ ಒಪ್ಪದ ಅಜ್ಜಿ ಸಿಗುವುದು ಕಷ್ಟ. ಕೊಡುವುದಿದ್ದರೆ ಅಮ್ಮನ ಎದುರೇ ಕೊಡಲಿ. ಅಮ್ಮ ಮುಖ ಸಿಂಡರಿಸಿದರೂ ಚಿಂತೆಯಿಲ್ಲ, ಬಚ್ಚಿಡುವುದು ಮಾತ್ರ ಬೇಡ.

ಅಜ್ಜಿ ಯಾಕೆ ಹಾಗೆ ಮಾಡುತ್ತಾರೆ

ಇಂದು ಅರವತ್ತು–ಎಪ್ಪತ್ತರ ಆಸುಪಾಸಿನಲ್ಲಿರುವ ಎಷ್ಟೋ ಹೆಂಗಸರು ತುಂಬಿದ ಮನೆಗೆ ಸೊಸೆಯಾಗಿ ಬಂದವರು. ಹಿರಿಯರ ಎದುರು ಹೆತ್ತ ಮಗುವನ್ನು ಎತ್ತಿ ಮುದ್ದಾಡುವುದಕ್ಕೂ ಆಗ ಸಂಕೋಚ. ಮಗು ಅತ್ತರೆ ಅತ್ತೆಯೋ ನಾದಿನಿಯೋ ಎತ್ತಿಕೊಳ್ಳಬೇಕು. ತಾಯಿಗೆ ಒಲೆಯ ಮುಂದಿನ ಕೆಲಸ ಮುಗಿಯುತ್ತಿರಲಿಲ್ಲ. ಉಂಡೆ, ಹೋಳಿಗೆ, ಕಜ್ಜಾಯ ಹಬ್ಬಕ್ಕೆ ಬಂದರೆ ಬಂತು. ಅವರಿಗೆ ಸಿಹಿ ಎಂದರೆ ಅಪರೂಪದ ಸಂಭ್ರಮ, ದುಂಡುಮೈ ಎಂದರೆ ಆರೋಗ್ಯ. ಮಗನಿಗೆ ಮಾಡಲಾಗದ್ದನ್ನೆಲ್ಲ ಈಗ ಮೊಮ್ಮಗನಿಗೆ ಮಾಡುತ್ತಾರೆ. ವ್ಯತ್ಯಾಸವೇನೆಂದರೆ ಅಂದು ವರ್ಷಕ್ಕೆ ಐದಾರು ಸಲ ಬರುತ್ತಿದ್ದ ಸಿಹಿ ಇಂದು ಬೀದಿಯ ತುದಿಯ ಅಂಗಡಿಯಲ್ಲಿ ಹತ್ತು ರೂಪಾಯಿಗೆ ದಿನವೂ ಸಿಗುತ್ತದೆ.

ಇನ್ನೊಂದು ಕಾರಣವನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಊರಿನಲ್ಲಿ ಅವರದೇ ಮನೆ, ಅವರದೇ ಅಡುಗೆ, ನಾಲ್ಕು ಜನ ಬಂದು ಕೇಳುವ ಹಿರಿತನ ಇತ್ತು. ಇಲ್ಲಿ ಮೂರನೆಯ ಮಹಡಿಯ ಮನೆಯಲ್ಲಿ ಫ್ರಿಜ್ಜಿನಲ್ಲಿ ಏನಿರಬೇಕು ಎಂಬುದನ್ನೂ ಸೊಸೆ ನಿರ್ಧರಿಸುತ್ತಾಳೆ. ಅವರ ಮಾತಿಗೆ ಕಿವಿಗೊಡುವ ಒಂದೇ ಜೀವ ಮೊಮ್ಮಗು. ಅದಕ್ಕೆ ಏನಾದರೂ ಕೊಡುವ ಕೈ ತಮ್ಮದಾಗಿರಲಿ ಎಂಬ ಆಸೆ ಸಹಜ. ಇದನ್ನು ತಿಳಿಯದೆ ‘ಅದು ಕೊಡಬೇಡಿ, ಇದು ಕೊಡಬೇಡಿ’ ಎಂದು ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದರೆ, ಸಂಬಳವಿಲ್ಲದೆ ದುಡಿಯುವವರಿಗೆ ಮೇಲಿಂದ ಶಿಸ್ತುಕ್ರಮದ ನೋಟಿಸನ್ನೂ ಕೊಟ್ಟ ಹಾಗೆ.

ನಿಯಮಗಳನ್ನು ಮೂರು ಪಾಲು ಮಾಡಿ

ಹಿರಿಯರ ಬಳಿ ಹೋಗುವ ಮೊದಲು ಗಂಡ–ಹೆಂಡತಿ ಇಬ್ಬರೇ ಕುಳಿತು ತಮ್ಮ ನಿಯಮಗಳನ್ನು ಮೂರು ಪಾಲು ಮಾಡಬೇಕು. ಇಬ್ಬರಲ್ಲೇ ಒಮ್ಮತವಿಲ್ಲದಿದ್ದರೆ ಅಜ್ಜಿಯನ್ನು ದೂರಿ ಫಲವಿಲ್ಲ.

ಮೊದಲ ಪಾಲಿನಲ್ಲಿ ಜೀವಕ್ಕೆ ಸಂಬಂಧಿಸಿದವು. ಇಲ್ಲಿ ರಾಜಿಯಿಲ್ಲ, ಪಟ್ಟಿಯೂ ಚಿಕ್ಕದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ಬಜೆ ತೇಯ್ದು ಕೊಡುವಾಗ ಒಂದು ಹನಿ ಬೆರೆಸುವುದೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗೂಸಿನ ಕರುಳಲ್ಲಿ ಮೊಳೆತು ವಿಷ ಮಾಡುತ್ತವೆ. ಬಿಸಿ ಮಾಡಿದರೂ ಅವು ಸಾಯುವುದಿಲ್ಲ. ನಾಲ್ಕು ವರ್ಷದೊಳಗಿನವರಿಗೆ ಇಡಿ ಕಡಲೆಕಾಯಿ ಬೀಜ, ಇಡಿ ದ್ರಾಕ್ಷಿ ಕೊಡಬಾರದು, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡಬಾರದು. ತಾತನ ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು ಹೋಗುವುದೂ ಇದೇ ಪಾಲಿಗೆ ಸೇರಿದ್ದು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ಟು ಮತ್ತು ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ.

ಎರಡನೆಯ ಪಾಲು ದಿನಚರಿಯದು: ಸಕ್ಕರೆ, ಮೊಬೈಲು, ಊಟ–ನಿದ್ದೆಯ ಹೊತ್ತು. ಇಲ್ಲಿ ಮಾತುಕತೆಗೆ ಜಾಗವಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಅಲ್ಲಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಅಂದರೆ ಮೂರು ವರ್ಷದ ಮಗು ಅಜ್ಜಿಯ ಜೊತೆ ಅರ್ಧ ಗಂಟೆ ಟಿ.ವಿ. ನೋಡಿದರೆ ಆಕಾಶ ಕಳಚಿ ಬೀಳುವುದಿಲ್ಲ.

ಮೂರನೆಯ ಪಾಲನ್ನು ಪೂರ್ತಿ ಅಜ್ಜಿ–ತಾತನಿಗೆ ಬಿಟ್ಟುಕೊಡಬೇಕು. ಎಣ್ಣೆಸ್ನಾನ, ಕಥೆ, ಮಧ್ಯಾಹ್ನ ಯಾರ ಪಕ್ಕ ಮಲಗಬೇಕು, ಹಬ್ಬಕ್ಕೆ ಯಾವ ಬಟ್ಟೆ, ಶನಿವಾರದ ಸಿಹಿ ಇವೆಲ್ಲ ಅವರ ಅಧಿಕಾರ. ಅಲ್ಲಿ ಅವರು ನಿಮಗಿಷ್ಟವಿಲ್ಲದ್ದನ್ನು ಮಾಡಿದರೂ ಬಾಯಿ ಹಾಕಬಾರದು. ಈ ಪಾಲು ದೊಡ್ಡದಾದಷ್ಟೂ ಮೊದಲೆರಡು ಪಾಲುಗಳ ಮಾತಿಗೆ ಬೆಲೆ ಬರುತ್ತದೆ.

ಯಾರು ಹೇಳಬೇಕು

ಅತ್ತೆಗೆ ಸೊಸೆ ಹೇಳಿದರೆ ಅದು ಎದುರುತ್ತರ, ಮಗ ಹೇಳಿದರೆ ಮನೆಯ ವಿಷಯ. ನ್ಯಾಯವೋ ಅನ್ಯಾಯವೋ, ನಮ್ಮ ಮನೆಗಳು ಇಂದಿಗೂ ಹೀಗೆಯೇ ಇವೆ. ಹಾಗಾಗಿ ಅವರವರ ಅಪ್ಪ–ಅಮ್ಮನ ಹತ್ತಿರ ಅವರವರೇ ಮಾತಾಡಬೇಕು. ಗಂಡನ ತಾಯಿಯ ಜೊತೆ ಗಂಡ, ಹೆಂಡತಿಯ ತಾಯಿಯ ಜೊತೆ ಹೆಂಡತಿ. ‘ಅವಳು ಹೇಳ್ತಿದ್ದಾಳೆ’ ಎಂದು ಮಗ ಮಾತು ಶುರುಮಾಡಿದರೆ ಕೆಲಸ ಅಲ್ಲಿಗೇ ಕೆಟ್ಟಿತು. ‘ನಮಗೆ ಹೀಗನ್ನಿಸ್ತಿದೆ’ ಎನ್ನಬೇಕು. ಎಷ್ಟೋ ಮನೆಗಳಲ್ಲಿ ಅತ್ತೆ–ಸೊಸೆ ಜಗಳ ಎಂದು ಹೆಸರು ಪಡೆದದ್ದು ನಿಜವಾಗಿ ಮಾತಾಡದೆ ಕುಳಿತ ಮಗನ ಮೌನ.

ಹೊತ್ತೂ ಮುಖ್ಯ. ಅಜ್ಜಿಯ ಕೈಯಲ್ಲಿ ಬಿಸ್ಕತ್ತು ಇರುವಾಗ ಹೇಳಬಾರದು, ಮಗುವಿನ ಎದುರು ಖಂಡಿತ ಹೇಳಬಾರದು. ಆಫೀಸಿನಿಂದ ದಣಿದು ಬಂದ ಸಂಜೆ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಯಾವುದೋ ವೈದ್ಯರ ವಿಡಿಯೊ ಕಳಿಸಿ ಸೂಚನೆ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಭಾನುವಾರ ಕಾಫಿ ಆದಮೇಲೆ, ಮಗುವನ್ನು ಯಾರಾದರೂ ಹೊರಗೆ ಕರೆದುಕೊಂಡು ಹೋಗಿರುವಾಗ ಹದಿನೈದು ನಿಮಿಷ ಸಾಕು. ಒಂದು ಸಲಕ್ಕೆ ಒಂದೇ ವಿಷಯ. ಹಳೆಯ ಲೆಕ್ಕ ತೆಗೆಯಬಾರದು.

ಒಂದು ಮನೆಯ ಲೆಕ್ಕ

ಹೇಗೆ ನಡೆಯಬಹುದು ಎಂದು ತೋರಿಸಲು ಒಂದು ಮಾದರಿ ಮನೆಯನ್ನು ಇಟ್ಟುಕೊಳ್ಳೋಣ. ಬೆಂಗಳೂರಿನ ಬಾಡಿಗೆ ಮನೆ, ಹಾಸನದ ಕಡೆಯಿಂದ ಬಂದ ಅಜ್ಜಿ–ತಾತ, ಮೂರು ವರ್ಷದ ಪುಟ್ಟ. ತಾಯಿಯ ದೂರು ಎರಡು: ರಾತ್ರಿ ಊಟ ಮಾಡುವುದಿಲ್ಲ, ಮೊಬೈಲ್ ಇಲ್ಲದೆ ತುತ್ತು ನುಂಗುವುದಿಲ್ಲ.

ದೂರು ಹೇಳುವ ಮೊದಲು ತಂದೆ–ತಾಯಿ ಪುಟ್ಟನ ಒಂದು ದಿನವನ್ನು ಬರೆದು ನೋಡುತ್ತಾರೆ. ಬೆಳಗ್ಗೆ ಏಳೂವರೆಗೆ ಎರಡು ಟೀ ಚಮಚ ಸಕ್ಕರೆ ಹಾಕಿದ ಹಾಲು. ಹನ್ನೊಂದಕ್ಕೆ ಎರಡು ಕ್ರೀಮ್ ಬಿಸ್ಕತ್ತು. ನಾಲ್ಕಕ್ಕೆ ಮತ್ತೆ ಎರಡು ಚಮಚ ಸಕ್ಕರೆಯ ಹಾಲು. ಐದೂವರೆಗೆ ತಾತನ ಜೊತೆ ಅಂಗಡಿಗೆ ಹೋಗಿ ಪುಟಾಣಿ ಚಾಕೊಲೇಟು. ಆರೂವರೆಗೆ ಚಕ್ಕುಲಿ. ಒಂದು ಟೀ ಚಮಚಕ್ಕೆ ನಾಲ್ಕು ಗ್ರಾಂ, ಒಂದು ಕ್ರೀಮ್ ಬಿಸ್ಕತ್ತಿಗೆ ಮೂರರಿಂದ ನಾಲ್ಕು ಗ್ರಾಂ ಎಂದುಕೊಂಡರೂ ಸಕ್ಕರೆ ಮೂವತ್ತು ಗ್ರಾಮಿನ ಆಸುಪಾಸಿಗೆ ಬರುತ್ತದೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು ಸಾವಿರ ಕ್ಯಾಲೊರಿ. ಅದರಲ್ಲಿ ಸಕ್ಕರೆ, ಬೆಲ್ಲ, ಜೇನಿನ ಪಾಲು ನೂರಕ್ಕೆ ಹತ್ತನ್ನು ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ನೋಡಿದರೆ 25 ಗ್ರಾಂ ಮಿತಿ. ರಾತ್ರಿ ಎಂಟಕ್ಕೆ ಪುಟ್ಟನಿಗೆ ಹಸಿವಿಲ್ಲದಿರುವುದು ಹಟವಲ್ಲ, ಹೊಟ್ಟೆ ತುಂಬಿದೆ ಅಷ್ಟೆ. ಇನ್ನೊಂದು ಮಾತು ಲೆಕ್ಕ ಬರೆದಾಗಲೇ ಕಣ್ಣಿಗೆ ಬೀಳುತ್ತದೆ: ಬೆಳಗಿನ ಹಾಲಿಗೆ ಸಕ್ಕರೆ ಹಾಕುತ್ತಿರುವುದು ಅಜ್ಜಿಯಲ್ಲ, ತಾಯಿ.

ಭಾನುವಾರ ಮಗ ಮಾತು ತೆಗೆಯುತ್ತಾನೆ. ತಪ್ಪು ಹುಡುಕುವುದರಿಂದ ಶುರುಮಾಡದೆ ಕೇಳುವುದರಿಂದ ಶುರುಮಾಡುತ್ತಾನೆ.

‘ಅಮ್ಮ, ಪುಟ್ಟ ರಾತ್ರಿ ಎರಡು ತುತ್ತಿಗೇ ಎದ್ದುಬಿಡ್ತಾನೆ. ಮಧ್ಯಾಹ್ನ ನಿನ್ನ ಹತ್ರ ಹೇಗೆ ತಿಂತಾನೆ?’

‘ಎಲ್ಲಿ ತಿಂತಾನೆ? ಮೊಬೈಲ್ ಕೊಟ್ರೆ ಬಾಯಿ ಬಿಡ್ತಾನೆ. ಅವನ ಹಿಂದೆ ಓಡಾಡೋಕೆ ನನ್ನ ಮಂಡಿಗೆ ಶಕ್ತಿ ಇದ್ಯೇನೋ? ತಿನ್ನದೆ ಬಡಕಲಾದ್ರೆ, ಅಜ್ಜಿ ನೋಡ್ಕೊಂಡಿದ್ದು ಇಷ್ಟೇ ಅಂತ ನಿಮ್ಮತ್ತೆ ಮನೆಯವರು ಅನ್ನಲ್ವಾ?’

ಮೊಬೈಲಿನ ಹಿಂದೆ ಇದ್ದದ್ದು ಮಂಡಿನೋವು ಮತ್ತು ಹೆಸರು ಕೆಡುವ ಭಯ. ಅವೆರಡಕ್ಕೂ ಏನಾದರೂ ಮಾಡದೆ ‘ಮೊಬೈಲ್ ಕೊಡಬೇಡ’ ಎನ್ನುವುದು ಅವರ ಮೇಲೆ ಇನ್ನಷ್ಟು ಹೊರೆ ಹೊರಿಸಿದಂತೆ.

ಭಯಕ್ಕೆ ಮದ್ದು ಮನೆಯಲ್ಲೇ ಇದೆ. ತಾಯಿ ಕಾರ್ಡಿನಲ್ಲಿ ಮಗುವಿನ ತೂಕ ಗುರುತಿಸುವ ಗೆರೆಗಳಿರುತ್ತವೆ. ಪುಟ್ಟನ ತೂಕದ ಚುಕ್ಕೆಗಳು ಹಸಿರು ಪಟ್ಟಿಯೊಳಗೆ ಮೇಲಕ್ಕೆ ಸಾಗಿರುವುದನ್ನು ಮಗ ಅಮ್ಮನಿಗೆ ತೋರಿಸುತ್ತಾನೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗ ಇದ್ದುದರ ಮೂರು ಪಟ್ಟಾಗುತ್ತದೆ. ಆಮೇಲೆ ವರ್ಷಕ್ಕೆ ಎರಡು–ಎರಡೂವರೆ ಕಿಲೊ ಅಷ್ಟೇ ಏರುತ್ತದೆ, ಅದಕ್ಕೆ ತಕ್ಕಂತೆ ಹಸಿವೂ ಇಳಿಯುತ್ತದೆ. ಗುಂಡುಗುಂಡಾಗಿದ್ದ ಕೂಸು ಎರಡು–ಮೂರನೆಯ ವರ್ಷಕ್ಕೆ ತೆಳ್ಳಗಾಗಿ ಕಾಣುವುದು ಇದರಿಂದಲೇ. ಇದನ್ನೇ ಮಕ್ಕಳ ಡಾಕ್ಟರ ಬಾಯಿಂದ ಕೇಳಿದರೆ ಇನ್ನೂ ಒಳ್ಳೆಯದು. ಮುಂದಿನ ಸಲ ಲಸಿಕೆಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಪ್ರಶ್ನೆಯನ್ನು ಅವರೇ ಕೇಳುವಂತೆ ಮಾಡಬೇಕು. ಸೊಸೆ ಹೇಳಿದರೆ ‘ನಾನು ಮೂರು ಹೆತ್ತಿಲ್ವಾ’ ಎನ್ನುವವರು ಡಾಕ್ಟರಿಗೆ ಹಾಗನ್ನುವುದಿಲ್ಲ.

ಮಂಡಿಗೆ ಬೇಕಾದದ್ದು ಓಡದೆ ಉಣಿಸುವ ದಾರಿ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಕೆಲಸವನ್ನು ಸರಳವಾಗಿ ಹಂಚಿದ್ದಾರೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಜವಾಬ್ದಾರಿ, ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎಂಬುದು ಮಗುವಿಗೆ ಬಿಟ್ಟದ್ದು. ಅದರಂತೆ ಮಧ್ಯಾಹ್ನ ಒಂದು ಗಂಟೆಗೆ ಚಾಪೆ ಹಾಸಿ ಪುಟ್ಟನಿಗೆ ಅವನದೇ ತಟ್ಟೆ. ಅನ್ನ–ಸಾರು ಮೂರು ಚಮಚದಷ್ಟು, ಬೇಕೆಂದರೆ ಮತ್ತೆ. ಅವನ ಕೈಯಿಂದಲೇ ತಿನ್ನಲಿ, ಅರ್ಧ ನೆಲಕ್ಕೆ ಚೆಲ್ಲಲಿ. ಅಜ್ಜಿಯೂ ಅದೇ ಹೊತ್ತಿಗೆ ಅವನ ಪಕ್ಕ ಕುರ್ಚಿಯಲ್ಲಿ ಕುಳಿತು ಉಣ್ಣಲಿ. ಇಪ್ಪತ್ತೈದು ನಿಮಿಷ ಆದರೆ ಬೈಯದೆ ತಟ್ಟೆ ಎತ್ತಿಬಿಡುವುದು. ಮುಂದಿನದು ನಾಲ್ಕು ಗಂಟೆಗೆ, ನಡುವೆ ನೀರು ಬಿಟ್ಟು ಏನೂ ಇಲ್ಲ. ನೆಲ ಒರೆಸುವ ಕೆಲಸ ಅಜ್ಜಿಯದಲ್ಲ. ಕೆಲಸದವರಿಗೆ ಹೇಳುವುದು, ಇಲ್ಲವೇ ಸಂಜೆ ಮಗ ಬಂದು ಒರೆಸುವುದು.

ತಾತನಿಂದ ಅಂಗಡಿ ಕಿತ್ತುಕೊಳ್ಳಬಾರದು. ಮೊಮ್ಮಗನ ಬೆರಳು ಹಿಡಿದು ಅಂಗಡಿಗೆ ಹೋಗುವುದೇ ಅವರ ದಿನದ ದೊಡ್ಡ ಸುಖ. ಚಾಕೊಲೇಟಿನ ಬದಲು ಏಲಕ್ಕಿ ಬಾಳೆಹಣ್ಣು. ದುಡ್ಡನ್ನು ಪುಟ್ಟನೇ ಅಂಗಡಿಯವರ ಕೈಗೆ ಕೊಟ್ಟು ಚಿಲ್ಲರೆ ಇಸಿದುಕೊಳ್ಳಲಿ. ಮೂರು ವರ್ಷದವನಿಗೆ ಈ ವ್ಯಾಪಾರ ಚಾಕೊಲೇಟಿಗಿಂತ ಕಡಿಮೆ ರುಚಿಯದಲ್ಲ. ಚಾಕೊಲೇಟು ಶನಿವಾರಕ್ಕೆ, ಅದೂ ತಾತನ ಕೈಯಿಂದ ಮಾತ್ರ. ಅಪ್ಪ–ಅಮ್ಮ ಕೊಡುವಂತಿಲ್ಲ. ಹಾಲಿನ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುವುದು, ಅದನ್ನು ಬೆಳಗಿನ ಲೋಟದಿಂದ ತಾಯಿಯೇ ಶುರುಮಾಡುವುದು. ಬದಲಿಗೆ ಬೆಲ್ಲ ಹಾಕಿದರೆ ಲೆಕ್ಕ ಅಷ್ಟೇ ಇರುತ್ತದೆ.

ಅಜ್ಜಿಯ ಧಾರಾವಾಹಿಗೂ ವ್ಯವಸ್ಥೆ ಬೇಕು. ಏಳಕ್ಕೆ ಮನೆಗೆ ಬಂದ ಅಪ್ಪ ಪುಟ್ಟನನ್ನು ಸ್ನಾನಕ್ಕೋ ಮಹಡಿಗೋ ಕರೆದುಕೊಂಡು ಹೋದರೆ ಅಜ್ಜಿ ಎಂಟರವರೆಗೆ ನೆಮ್ಮದಿಯಾಗಿ ನೋಡುತ್ತಾರೆ. ಊಟದ ಹೊತ್ತಿಗೆ ಅಪ್ಪನ ಮೊಬೈಲೂ ಕಪಾಟು ಸೇರಬೇಕು. ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಮೊಬೈಲು ಹಿಡಿದ ಅಪ್ಪನನ್ನು ದಿನಾ ನೋಡುವ ಮಗುವಿಗೆ ಮೊಬೈಲ್ ಬೇಡ ಎನ್ನಲು ಅಜ್ಜಿಗೆ ಬಾಯಿ ಬರುವುದಿಲ್ಲ.

ಒಂದು ವಿಷಯವನ್ನು ಮೊದಲೇ ಹೇಳಿಡಬೇಕು. ಮೊಬೈಲ್ ನಿಲ್ಲಿಸಿದ ಮೊದಲ ಮೂರು–ನಾಲ್ಕು ದಿನ ಪುಟ್ಟ ಹೆಚ್ಚು ಅಳುತ್ತಾನೆ, ಕಡಿಮೆ ತಿನ್ನುತ್ತಾನೆ. ಇದು ಸೋಲಿನ ಗುರುತಲ್ಲ. ಹಳೆಯ ಉಪಾಯ ಫಲಿಸದಾಗ ಮಗು ಅದನ್ನೇ ಜೋರಾಗಿ ಮಾಡಿ ನೋಡುತ್ತದೆ. ಮೂರನೆಯ ದಿನ ಕರಗಿ ಮೊಬೈಲ್ ಕೊಟ್ಟರೆ, ಮೂರು ದಿನ ಅಳಬೇಕು ಎಂಬುದನ್ನು ಕಲಿಸಿದಂತಾಗುತ್ತದೆ. ಅಷ್ಟು ಅಳುವನ್ನು ಅಜ್ಜಿಯೊಬ್ಬರೇ ತಡೆಯಲಾರರು. ಆ ಮೊದಲ ದಿನಗಳಲ್ಲಿ ಅಪ್ಪನೋ ಅಮ್ಮನೋ ರಜೆ ಹಾಕಿಯೋ ಮನೆಯಿಂದ ಕೆಲಸ ಮಾಡಿಯೋ ಮಧ್ಯಾಹ್ನದ ಊಟಕ್ಕೆ ಜೊತೆಗಿರಬೇಕು. ಎರಡು ವಾರದ ನಂತರ ಮತ್ತೊಮ್ಮೆ ಕಾಫಿಗೆ ಕುಳಿತು ‘ಹೇಗಾಗ್ತಿದೆ ಅಮ್ಮ? ಯಾವುದು ಕಷ್ಟ ಆಗ್ತಿದೆ?’ ಎಂದು ಕೇಳಬೇಕು. ಬಿಸ್ಕತ್ತಿನ ಡಬ್ಬ ತೆರೆದು ಎಣಿಸಬಾರದು.

ಮಾತು ಕೆಟ್ಟರೆ

ಎಲ್ಲ ಮನೆಯಲ್ಲೂ ಇದು ಇಷ್ಟು ಸಲೀಸಾಗಿ ಆಗುವುದಿಲ್ಲ. ‘ನಾನು ನೋಡ್ಕೊಳ್ಳೋದು ಸರಿಯಿಲ್ಲ ಅಂದ್ರೆ ನಾಳೆನೇ ಬಸ್ ಹತ್ತಿಸು’ ಎಂಬ ಮಾತು ಬರಬಹುದು. ಅದಕ್ಕೆ ವಾದದಿಂದ ಉತ್ತರ ಕೊಡಬಾರದು. ‘ಪುಟ್ಟನಿಗೆ ನೀನು ಬೇಕು ಅಮ್ಮ, ನಮಗೂ ಬೇಕು. ಇದೊಂದು ವಿಷಯ ಮಾತ್ರ ಸರಿಮಾಡ್ಕೊಳ್ಳೋಣ’ ಎಂದು ಅಲ್ಲಿಗೆ ನಿಲ್ಲಿಸಿ, ಎರಡು ದಿನ ಬಿಟ್ಟು ಮತ್ತೆ ತೆಗೆಯಬಹುದು. ‘ನಿನ್ನನ್ನ ಬೆಳೆಸಿದ್ದು ಹೀಗೇ, ನೀನೇನು ಕೆಟ್ಟೋಗಿದ್ಯಾ?’ ಎಂದರೆ, ‘ಚೆನ್ನಾಗೇ ಬೆಳೆಸಿದ್ದೀಯ. ಆದ್ರೆ ಆಗ ನನ್ನ ಕೈಗೆ ಮೊಬೈಲೂ ಇರ್ಲಿಲ್ಲ, ದಿನಾ ಚಾಕೊಲೇಟೂ ಇರ್ಲಿಲ್ಲ ಅಲ್ವಾ’ ಎನ್ನಬಹುದು. ಅದು ಹೊಗಳಿಕೆಯೂ ಹೌದು, ನಿಜವೂ ಹೌದು.

ಸೊಸೆ ‘ಬೇಡ’ ಎಂದಾಗ ಮಗುವಿನ ಎದುರೇ ಅತ್ತೆ ‘ಕೊಡ್ತೀನಿ ಬಾರೋ’ ಎಂದುಬಿಟ್ಟರೆ ಆ ಕ್ಷಣಕ್ಕೆ ಬಿಟ್ಟುಕೊಡುವುದೇ ಮೇಲು. ಒಂದು ಬಿಸ್ಕತ್ತಿಗಿಂತ ಮಗುವಿನ ಎದುರು ಇಬ್ಬರು ದೊಡ್ಡವರು ಕಿತ್ತಾಡುವುದು ಕೆಟ್ಟದ್ದು. ಆದರೆ ಅದೇ ದಿನ ಮಗ ಅಮ್ಮನ ಹತ್ತಿರ ಮಾತಾಡಲೇಬೇಕು. ಜೀವಕ್ಕೆ ಸಂಬಂಧಿಸಿದ ಮೊದಲ ಪಾಲಿನ ವಿಷಯವಾದರೆ ಹೀಗೆ ಬಿಡುವಂತಿಲ್ಲ. ಸ್ಕೂಟರಿನಿಂದ ಮಗುವನ್ನು ಆಗಲೇ ಇಳಿಸಿಕೊಳ್ಳಬೇಕು, ತಾತ ಎಷ್ಟೇ ಮುನಿಸಿಕೊಳ್ಳಲಿ.

ಹೇಳಿ, ದಾರಿ ಮಾಡಿಕೊಟ್ಟು, ಕಾದರೂ ಬದಲಾಗದಿದ್ದರೆ ಹಿರಿಯರನ್ನು ಬದಲಾಯಿಸುವ ಹಟ ಬಿಟ್ಟು ವೇಳಾಪಟ್ಟಿ ಬದಲಾಯಿಸಬೇಕು. ಮಧ್ಯಾಹ್ನದವರೆಗೆ ಪ್ಲೇಹೋಮ್, ಆಮೇಲೆ ಅಜ್ಜಿ ಎಂದು ಹೊತ್ತು ಹಂಚಿಕೊಂಡರೆ ದಿನದ ಒಂದು ಊಟವಾದರೂ ನಿಯಮದಂತೆ ಆಗುತ್ತದೆ. ಅರವತ್ತೈದರ ದೇಹಕ್ಕೆ ಮೂರು ವರ್ಷದ ಮಗುವನ್ನು ಹತ್ತು ಗಂಟೆ ಸಂಭಾಳಿಸುವುದು ನಿಜವಾಗಿಯೂ ಭಾರ. ಮೊಬೈಲ್ ಕೈಗೆ ಕೊಡುವ ಎಷ್ಟೋ ಅಜ್ಜಿಯರು ದಣಿದಿರುತ್ತಾರೆಯೇ ಹೊರತು ಹಟಕ್ಕೆ ಬಿದ್ದಿರುವುದಿಲ್ಲ. ವಾರಕ್ಕೊಂದು ದಿನ ಪೂರ್ತಿ ರಜೆ, ದೇವಸ್ಥಾನಕ್ಕೋ ತಂಗಿಯ ಮನೆಗೋ ಹೋಗಿಬರುವ ಬಿಡುವು ಅವರ ಹಕ್ಕು.

ಅಪ್ಪ–ಅಮ್ಮಂದಿರಿಗೆ ಒಂದು ಮಾತು: ಈ ಭಾನುವಾರ ಒಂದೇ ಒಂದು ನಿಯಮ ಆರಿಸಿಕೊಂಡು ಮಾತಾಡಿ, ಮತ್ತು ಆ ನಿಯಮವನ್ನು ಮೊದಲು ನೀವು ಪಾಲಿಸಿ. ಅಜ್ಜಿ–ತಾತಂದಿರಿಗೂ ಒಂದು ಮಾತು: ಸೊಸೆಯೋ ಮಗಳೋ ಮಗುವಿಗೆ ‘ಬೇಡ’ ಎಂದದ್ದು ನಿಮಗೆ ಸರಿ ಕಾಣದಿದ್ದರೆ ಅವಳನ್ನು ಅಡುಗೆಮನೆಗೆ ಕರೆದು ಹೇಳಿ, ಬೇಕಾದರೆ ಗದರಿಸಿಯೇ ಹೇಳಿ. ಮಗುವಿನ ಮುಂದೆ ಮಾತ್ರ ಅವಳ ಮಾತನ್ನು ಬೀಳಿಸಬೇಡಿ. ನೀವು ಊರಿಗೆ ಹೊರಟ ಮೇಲೂ ಆ ಮಗು ಕೇಳಬೇಕಾದದ್ದು ಅವಳ ಮಾತನ್ನೇ.